ಇಂಗ್ಲಿಷ್ ಸಬ್‌ಟೈಟಲ್ ಉಂಟಲ್ಲ, ಅಂತ ಹೇಳ್ಬೇಡಿ

ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕುವುದು ಕನ್ನಡ ಬಾರದವರಿಗಾಗಿ. ಹಾಕಲಿ, ಒಳ್ಳೆಯದೇ. ನಮ್ಮ ಸಿನಿಮಾವನ್ನು ಪುಣೆಯ ರೂಮ್‌ಮೇಟ್ ಕೂಡ ನೋಡಲಿ. ಆದರೆ ಅದೇ ಸಬ್‌ಟೈಟಲನ್ನು ತೋರಿಸಿ "ಕಿವಿ ಕೇಳದವರಿಗೂ ವ್ಯವಸ್ಥೆ ಉಂಟಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಪಿತ್ತ ನೆತ್ತಿಗೇರ್ತದೆ. ಅದು ವ್ಯವಸ್ಥೆ ಅಲ್ಲ. ಬೇರೆ ಯಾರಿಗೋ ಮಾಡಿದ ಅಡುಗೆಯ ಪರಿಮಳ ತೋರಿಸಿ, ಊಟ ಆಯ್ತಲ್ಲ ಅಂದ ಹಾಗೆ.

ಕಾಪುವಿನಲ್ಲಿರುವ ನನ್ನ ದೊಡ್ಡಪ್ಪ ಗೇರುಬೀಜದ ಫ್ಯಾಕ್ಟರಿಯಲ್ಲಿ ಮೆಷಿನ್ ಪಕ್ಕ ದುಡಿದು ರಿಟೈರ್ ಆದವರು. ಈಗ ಮುಖದ ಹತ್ತಿರ ಬಂದು ಜೋರಾಗಿ ಮಾತಾಡಿದರೆ ಅರ್ಧ ಕೇಳ್ತದೆ. ಓದುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಕನ್ನಡ ಪೇಪರನ್ನು ತಲೆಬರಹದಿಂದ ಶ್ರದ್ಧಾಂಜಲಿಯವರೆಗೆ ಬಿಡುವುದಿಲ್ಲ. ಇಂಗ್ಲಿಷ್ ಬಾರದು. ಕಳೆದ ರಜೆಯಲ್ಲಿ ಟಿವಿಯಲ್ಲಿ ಒಂದು ಕನ್ನಡ ಸಿನಿಮಾ ಹಾಕಿದೆ. ಕೆಳಗೆ ಇಂಗ್ಲಿಷ್ ಸಾಲುಗಳು ಓಡ್ತಾ ಇದ್ದವು. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಇಂಗ್ಲಿಷ್ ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ. ದೊಡ್ಡಪ್ಪ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಇದು ಯಾರಿಗೆ ಬರೆದದ್ದು ಮಾರಾಯ? ದಿಲ್ಲಿಯವರಿಗಾ?"

ಹೌದು, ದಿಲ್ಲಿಯವರಿಗೇ. ಸಬ್‌ಟೈಟಲ್ ಬರೆಯುವವನು ನಿಮಗೆ ಕಿವಿ ಚೆನ್ನಾಗಿದೆ, ಭಾಷೆ ಮಾತ್ರ ಗೊತ್ತಿಲ್ಲ ಅಂದುಕೊಂಡು ಬರೆಯುತ್ತಾನೆ. ಹಾಗಾಗಿ ಮಾತನ್ನಷ್ಟೇ ಅನುವಾದ ಮಾಡುತ್ತಾನೆ. ಬಾಗಿಲು ಬಡಿದದ್ದು, ಫೋನ್ ರಿಂಗ್ ಆದದ್ದು, ಹಿಂದಿನಿಂದ ಯಾರೋ ಕರೆದದ್ದು ನಿಮಗೇ ಕೇಳ್ತದಲ್ಲ ಅಂತ ಬಿಡುತ್ತಾನೆ. ಕ್ಯಾಪ್ಷನ್ ಬರೆಯುವವನು ನಿಮಗೆ ಭಾಷೆ ಗೊತ್ತು, ಸದ್ದು ಕೇಳುವುದಿಲ್ಲ ಅಂದುಕೊಂಡು ಬರೆಯುತ್ತಾನೆ. ಆಡಿದ ಭಾಷೆಯಲ್ಲೇ ಮಾತು, ತೆರೆಯ ಹೊರಗಿನಿಂದ ಮಾತಾಡಿದರೆ ಅದು ಯಾರು ಎಂಬ ಹೆಸರು, ಕತೆಗೆ ಬೇಕಾದ ಪ್ರತಿಯೊಂದು ಸದ್ದು, ಎಲ್ಲವೂ ಅದರಲ್ಲಿ ಇರಬೇಕು. ಇವೆರಡನ್ನೂ ಒಂದೇ ಮೆನುವಿನ ಒಂದೇ ಪಟ್ಟಿಯಲ್ಲಿ ಇಡುವುದರಿಂದ ನಮಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪರೀಕ್ಷೆ ಸುಲಭ. ಟಿವಿ ಮ್ಯೂಟ್ ಮಾಡಿ, ಯಾರೂ ಮಾತಾಡದ ಒಂದು ದೃಶ್ಯ ಹಾಕಿ. ಚೌಕ ಕಂಸದೊಳಗೆ ಏನಾದರೂ ಬರೆದು ಬಂತಾ? ಬಂದರೆ ಕ್ಯಾಪ್ಷನ್. ಪರದೆ ಖಾಲಿ ಉಳಿದರೆ ಅದು ಬರೀ ಅನುವಾದ.

ಇದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಆಗಬೇಕಾದರೆ ನಮ್ಮ ಜಿಲ್ಲೆಯದೇ ಸಿನಿಮಾ ತೆಗೆದುಕೊಳ್ಳುವ. 2022ರ 'ಕಾಂತಾರ'. ಕುಂದಾಪುರದ ಹತ್ತಿರದ ಕೆರಾಡಿಯಲ್ಲಿ ಚಿತ್ರೀಕರಣ ಆದದ್ದು, ಮಾತೂ ಕುಂದಾಪುರದ್ದು. ಥಿಯೇಟರ್‌ನಲ್ಲಿ ನಮ್ಮ ಮೈ ನಡುಗಿಸಿದ್ದು ಯಾವ ಡೈಲಾಗ್? ಡೈಲಾಗ್ ಅಲ್ಲ, ದೈವದ ಆ ಕೂಗು. ಅದರಲ್ಲಿ ಪದವೇ ಇಲ್ಲ. ಪದ ಇಲ್ಲದ್ದನ್ನು ಅನುವಾದ ಮಾಡುವುದು ಹೇಗೆ? ಹಾಗಾಗಿ ಬರೀ ಮಾತು ಬರೆಯುವ ಸಬ್‌ಟೈಟಲ್‌ನಲ್ಲಿ ಸಿನಿಮಾದ ಜೀವವೇ ಖಾಲಿ ಜಾಗ. ಮಾತನ್ನೆಲ್ಲ ಓದಿ ಮುಗಿಸಿದ ಕಿವುಡನಿಗೆ, ಎಲ್ಲರೂ ಯಾಕೆ ತಿರುಗಿ ಕಾಡಿನ ಕಡೆ ನೋಡಿದರು ಎಂಬುದೇ ಗೊತ್ತಾಗುವುದಿಲ್ಲ. ಅಲ್ಲಿ ಬೇಕಾದದ್ದು ಇಷ್ಟೇ (ಸಮಯ ನಾನು ಉದಾಹರಣೆಗೆ ಹಾಕಿದ್ದು):

```
WEBVTT

00:41:07.200 --> 00:41:10.000
[ಗಗ್ಗರದ ಸದ್ದು ನಿಲ್ಲುತ್ತದೆ]

00:41:10.400 --> 00:41:13.600
[ಕಾಡಿನೊಳಗಿಂದ ದೈವದ ಕೂಗು]
```

ಗಗ್ಗರ ಅಂತ ಬರೆದದ್ದನ್ನು ಗಮನಿಸಿ. ಇಂಗ್ಲಿಷಿನಲ್ಲಿ ಅದು ಬರೀ ಗೆಜ್ಜೆ ಆಗಿಬಿಡುತ್ತದೆ. ಕೋಲ ನೋಡಿಯೇ ಬೆಳೆದ ದೊಡ್ಡಪ್ಪನಿಗೆ 'ಗಗ್ಗರ' ಅಂತ ಓದಿದ ಕೂಡಲೇ ಒಳಗೆಲ್ಲೋ ಆ ಸದ್ದು ಕೇಳ್ತದೆ. ಕಿವಿ ಹೋಗುವ ಮೊದಲು ನೂರಾರು ಸಲ ಕೇಳಿದ್ದಾರಲ್ಲ. ಈ ಕೆಲಸ ಮುಂಬೈಯ ಯಾವುದೋ ಸ್ಟುಡಿಯೋದಲ್ಲಿ ಕೂತವರಿಗೆ ಆಗುವುದಿಲ್ಲ, ಇಲ್ಲಿಯವರೇ ಬರೆಯಬೇಕು.

ಇನ್ನು ಕಣ್ಣು ಕಾಣದವರ ಕತೆ. ಅವರಿಗೆ ಬೇಕಾದದ್ದು ಆಡಿಯೋ ಡಿಸ್ಕ್ರಿಪ್ಷನ್. ಮಾತುಗಳ ನಡುವಿನ ಬಿಡುವಿನಲ್ಲಿ ಒಂದು ಧ್ವನಿ, ತೆರೆಯ ಮೇಲೆ ಏನಾಗುತ್ತಿದೆ ಅಂತ ಹೇಳುತ್ತದೆ. ಕಾಂತಾರದ ಕೊನೆಯ ಕೋಲವನ್ನೇ ನೆನಪು ಮಾಡಿಕೊಳ್ಳಿ. ಅರಣ್ಯಾಧಿಕಾರಿಯನ್ನೂ ಊರವರನ್ನೂ ಹತ್ತಿರ ಕರೆದು, ಅವರೆಲ್ಲರ ಕೈಗಳನ್ನು ಎದೆಗೆ ಸೇರಿಸಿಕೊಳ್ಳುವುದು. ಬಾಯಲ್ಲಿ ಮಾತಿಲ್ಲ, ಇಡೀ ಸಿನಿಮಾದ ಜಗಳ ಮುಗಿಯುವುದು ಆ ಕೈಗಳಲ್ಲಿ. ಕಾಣದವರಿಗೆ ಅಲ್ಲಿ ವಾದ್ಯದ ಸದ್ದು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಇದಕ್ಕೆ ವಿವರಣೆ ಬರೆಯಲು ಕೂತು ನೋಡಿ, ಕಷ್ಟ ಗೊತ್ತಾಗ್ತದೆ. ಆರಾಮವಾಗಿ ಓದಿದರೆ ಕನ್ನಡದಲ್ಲಿ ಸೆಕೆಂಡಿಗೆ ಸುಮಾರು ಎರಡು ಪದ. ಐದು ಸೆಕೆಂಡ್ ಬಿಡುವಿದ್ದರೆ ಹತ್ತು ಪದ, ಮುಗೀತು. "ಶಿವ ಮುರಳಿಯ ಕೈ ಹಿಡಿಯುತ್ತಾನೆ. ಊರವರ ಕೈಗಳೊಂದಿಗೆ ಎದೆಗೆ ಒತ್ತಿಕೊಳ್ಳುತ್ತಾನೆ." ಎಂಟು ಪದ. ಉಳಿದ ಜಾಗದಲ್ಲಿ "ಇದು ಒಗ್ಗಟ್ಟಿನ ಸಂಕೇತ" ಅಂತ ಸೇರಿಸುವ ಆಸೆ ಆಗ್ತದೆ. ಸೇರಿಸಬಾರದು. ಕಂಡದ್ದನ್ನು ಹೇಳುವುದಷ್ಟೇ ಕೆಲಸ, ಅರ್ಥ ಮಾಡಿಕೊಳ್ಳುವುದು ಪ್ರೇಕ್ಷಕನ ಹಕ್ಕು. ಹಾಗೆಯೇ ದೈವ ಕೂಗುವಾಗ ವಿವರಣೆಯ ಧ್ವನಿ ಬಾಯಿ ಮುಚ್ಚಿರಬೇಕು. ಕೂಗಿನ ಮೇಲೆ ಮಾತಾಡಿದರೆ ಅವರಿಗೆ ಸಿಗುವ ಒಂದೇ ಒಂದನ್ನೂ ಕಸಿದುಕೊಂಡ ಹಾಗೆ. ಭಾಷೆಯ ಪ್ರಶ್ನೆ ಇಲ್ಲೂ ಬರ್ತದೆ. "ಬೆನ್ನಿಗೆ ಅಣಿ ಕಟ್ಟಿದ್ದಾನೆ" ಅಂದರೆ ಕಾರ್ಕಳದ ಅಜ್ಜಿಗೆ ಪೂರ್ತಿ ಚಿತ್ರ ಸಿಕ್ಕಿತು. ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಎರಡು ಸಾಲು ಬೇಕು, ಅಷ್ಟು ಹೇಳಿದರೂ ಅಜ್ಜಿಗೆ ಅರ್ಥ ಆಗುವುದಿಲ್ಲ.

"ಖರ್ಚು ಮಾರಾಯ್ರೆ" ಅಂತ ಒಂದು ಉತ್ತರ ಯಾವಾಗಲೂ ರೆಡಿ ಇರ್ತದೆ. ನನ್ನ ಹೊಟ್ಟೆಪಾಡೇ ಫೈಲುಗಳದ್ದು, ಹಾಗಾಗಿ ಹೇಳ್ತೇನೆ. ಎರಡೂವರೆ ಗಂಟೆಯ ಸಿನಿಮಾದ ಕನ್ನಡ ಕ್ಯಾಪ್ಷನ್ ಅಂದರೆ ಒಂದು ಟೆಕ್ಸ್ಟ್ ಫೈಲ್. ಗಾತ್ರ ಇನ್ನೂರು ಕೆಬಿ ಆಸುಪಾಸು. ನೀವು ಫ್ಯಾಮಿಲಿ ಗ್ರೂಪಿಗೆ ಕಳಿಸುವ ಒಂದು ಫೋಟೋ ಇದಕ್ಕಿಂತ ದೊಡ್ಡದಿರಬಹುದು. ಡೈಲಾಗ್ ಆಗಲೇ ಸ್ಕ್ರಿಪ್ಟಿನಲ್ಲಿ ಕನ್ನಡದಲ್ಲೇ ಉಂಟು. ಅದನ್ನು ಅಂತಿಮ ಕಟ್‌ಗೆ ಹೊಂದಿಸಿ, ಸದ್ದುಗಳನ್ನು ಸೇರಿಸಿ, ಒಬ್ಬ ಕಿವಿ ಕೇಳದವರಿಗೆ ತೋರಿಸಿ ತಿದ್ದಬೇಕು. ಆಡಿಯೋ ಡಿಸ್ಕ್ರಿಪ್ಷನ್‌ಗೆ ಬರಹಗಾರ, ಧ್ವನಿ, ಸ್ಟುಡಿಯೋ, ಮಿಕ್ಸಿಂಗ್ ಬೇಕು, ಅದು ಹೆಚ್ಚಿನ ಕೆಲಸ, ಒಪ್ಪುತ್ತೇನೆ. ಆದರೆ ಒಂದು ಹಾಡಿಗೆ ವಿದೇಶಕ್ಕೆ ಹೋಗುವವರ ಬಾಯಲ್ಲಿ ಈ ಖರ್ಚಿನ ಮಾತು ಬರಬಾರದು. ಸಣ್ಣ ಬಜೆಟಿನ ತುಳು ಸಿನಿಮಾದವರು ಹೇಳಿದರೆ ಕೂತು ಕೇಳ್ತೇನೆ.

ತಾಂತ್ರಿಕ ತೊಡಕು ಒಂದು ನಿಜವಾಗಿ ಉಂಟು. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಒಂದು ಸಾಲಿಗೆ 42 ಅಕ್ಷರ ಎಂಬ ಮಿತಿ ಬಳಕೆಯಲ್ಲಿದೆ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ 'ಸ್ತ್ರೀ' ಒಂದಲ್ಲ, ಆರು. ಇಂಗ್ಲಿಷಿನ ಲೆಕ್ಕವನ್ನೇ ಕನ್ನಡಕ್ಕೆ ಹಾಕಿದರೆ ಅರ್ಧ ಸಾಲಿಗೇ "ಉದ್ದ ಆಯ್ತು" ಅಂತ ಸಾಫ್ಟ್‌ವೇರ್ ಬೊಬ್ಬೆ ಹೊಡೀತದೆ. ಇದನ್ನು ಸರಿ ಮಾಡುವುದು ಒಬ್ಬ ಇಂಜಿನಿಯರಿನ ಒಂದು ಮಧ್ಯಾಹ್ನದ ಕೆಲಸ.

"ಯಾರು ಕೇಳ್ತಾರೆ ಇದನ್ನೆಲ್ಲ" ಎಂಬ ಪ್ರಶ್ನೆಗೆ ಉತ್ತರ: ಕಾನೂನು ಕೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ಆಡಿಯೋ ಡಿಸ್ಕ್ರಿಪ್ಷನ್, ಸಂಜ್ಞಾ ಭಾಷೆ, ಕ್ಲೋಸ್ಡ್ ಕ್ಯಾಪ್ಷನ್ ಮೂರನ್ನೂ ಹೆಸರಿಟ್ಟು ಹೇಳುತ್ತದೆ. ಆರು ವರ್ಷ ಯಾರೂ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಕೊನೆಗೆ ದೃಷ್ಟಿದೋಷವಿರುವ ಅಕ್ಷತ್ ಬಲ್ದವಾ ಮತ್ತಿತರರು ದಿಲ್ಲಿ ಹೈಕೋರ್ಟಿಗೆ ಹೋದರು. 2023ರ ಜನವರಿ 25ಕ್ಕೆ 'ಪಠಾಣ್' ಬಿಡುಗಡೆ, ಜನವರಿ 16ಕ್ಕೆ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರ ಆದೇಶ: ಒಟಿಟಿಗೆ ಬರುವಾಗ ಆಡಿಯೋ ಡಿಸ್ಕ್ರಿಪ್ಷನ್, ಸಬ್‌ಟೈಟಲ್, ಕ್ಯಾಪ್ಷನ್ ಇರಬೇಕು, ಅದೂ ಹಿಂದಿಯಲ್ಲಿ. ಹಿಂದಿ ಸಿನಿಮಾಕ್ಕೆ ಹಿಂದಿ. ನಾನು ಕೇಳುವುದೂ ಇದನ್ನೇ, ಕನ್ನಡ ಸಿನಿಮಾಕ್ಕೆ ಕನ್ನಡ.

2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಥಿಯೇಟರುಗಳಿಗೂ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸೆನ್ಸಾರ್ ಆಗುವ ಸಿನಿಮಾಗಳಿಗೆ ಮೊದಲ ಗಡುವು. ಅಂದರೆ ಪ್ಯಾನ್ ಇಂಡಿಯಾ ಅಂತ ಎದೆ ತಟ್ಟಿಕೊಳ್ಳುವ ನಮ್ಮ ಎಲ್ಲ ದೊಡ್ಡ ಸಿನಿಮಾಗಳೂ ಮೊದಲ ಸಾಲಿನಲ್ಲೇ ಬರುತ್ತವೆ.

ಹಾಗಾದರೆ ಇಂಥ ಸಿನಿಮಾ ಹುಡುಕುವುದು ಹೇಗೆ? ಮನೆಯಲ್ಲಾದರೆ ಪ್ಲೇ ಒತ್ತುವ ಮೊದಲು ಆಡಿಯೋ ಮತ್ತು ಸಬ್‌ಟೈಟಲ್ ಪಟ್ಟಿ ತೆಗೆಯಿರಿ. ಭಾಷೆಯ ಹೆಸರಿನ ಮುಂದೆ CC ಅಥವಾ SDH ಇದ್ದರೆ ಕ್ಯಾಪ್ಷನ್, ಆಡಿಯೋ ಪಟ್ಟಿಯಲ್ಲಿ Audio Description ಅಂತಿದ್ದರೆ ವಿವರಣೆ. ನೆಟ್‌ಫ್ಲಿಕ್ಸಿನಲ್ಲಿ ಬ್ರೌಸರ್ ತೆರೆದು netflix.com/browse/audio-description ಹಾಕಿದರೆ ವಿವರಣೆ ಇರುವವು ಒಟ್ಟಿಗೆ ಸಿಗುತ್ತವೆ. ಅಮೆರಿಕದ ಅಂಧರ ಸಂಘಟನೆಯೊಂದು adp.acb.org ಎಂಬಲ್ಲಿ ದೊಡ್ಡ ಪಟ್ಟಿ ಇಟ್ಟಿದೆ, ಇಂಗ್ಲಿಷ್ ಸಿನಿಮಾ ನೋಡುವವರಿಗೆ ಚಿನ್ನದ ಗಣಿ. ಎಲ್ಲೇ ಹುಡುಕಿದರೂ 'ಇದೆ' ಎಂಬುದರ ಜೊತೆ 'ಯಾವ ಭಾಷೆಯಲ್ಲಿದೆ' ಅಂತಲೂ ನೋಡಿ. ಸಿನಿಮಾ ಒಂದು ಭಾಷೆಯದು, ವಿವರಣೆ ಇನ್ನೊಂದು ಭಾಷೆಯದು ಆಗಿರಬಹುದು.

ಥಿಯೇಟರಿಗೆ ಹೋಗುವುದಾದರೆ ಫೋನಿನಲ್ಲಿ XL Cinema ಅಥವಾ Moviebuff Access ಹಾಕಿಕೊಂಡು, ಟಿಕೆಟ್ ತೆಗೆಯುವ ಮೊದಲು ಆ ಸಿನಿಮಾ ಅದರಲ್ಲಿ ಉಂಟಾ ನೋಡಿ. ಇದ್ದರೆ ವಿವರಣೆಯ ಟ್ರ್ಯಾಕನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ. ಫೋನಿನ ಮೈಕ್ ಹಾಲಿನ ಸದ್ದನ್ನು ಕೇಳಿ ಸಿನಿಮಾ ಎಲ್ಲಿದೆ ಅಂತ ಗುರುತಿಸಿ ಟ್ರ್ಯಾಕನ್ನು ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಮೈಕ್ ಅನುಮತಿ ಕೊಟ್ಟಿರಬೇಕು, ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ಹಾಲಿಗೆ. ಟ್ರ್ಯಾಕ್ ಹೊಂದದೆ ಅಲ್ಲೇ ತಿರುಗುತ್ತಿದ್ದರೆ ಮೊದಲು ಭಾಷೆ ನೋಡಿ. ಹಿಂದಿ ಆವೃತ್ತಿಯ ಟ್ರ್ಯಾಕ್ ಇಳಿಸಿಕೊಂಡು ಕನ್ನಡ ಶೋಗೆ ಕೂತರೆ ಮೈಕಿಗೆ ತಲೆಬುಡ ತಿಳಿಯುವುದಿಲ್ಲ.

ಇಲ್ಲದಿದ್ದರೆ? ಬರೀ ಪೋಸ್ಟ್ ಹಾಕಿ ಸುಮ್ಮನಾಗಬೇಡಿ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಂತೆ ಥಿಯೇಟರಿಗೆ ಲೈಸೆನ್ಸ್ ಕೊಡುವುದು ಜಿಲ್ಲಾ ದಂಡಾಧಿಕಾರಿ, ಅಂದರೆ ಡಿಸಿ. ನಮ್ಮ ಡಿಸಿ ಆಫೀಸು ಮಣಿಪಾಲದ ರಜತಾದ್ರಿಯಲ್ಲೇ ಉಂಟು. ಮಲ್ಟಿಪ್ಲೆಕ್ಸಿಗೆ ಬೈಕಿನಲ್ಲಿ ಹೋಗುವ ನಿಮಗೆ ಅದೇನು ದೂರ? ಒಂದು ಪುಟದ ಅರ್ಜಿ ಸಾಕು. ಸಿನಿಮಾದ ಹೆಸರು, ತಾರೀಕು, ಶೋ ಸಮಯ ಬರೆಯಿರಿ, ಕೌಂಟರಿನಲ್ಲಿ ಕೇಳಿದಾಗ ಏನು ಉತ್ತರ ಬಂತು ಅಂತ ಬರೆಯಿರಿ, ಟಿಕೆಟ್ ಪ್ರತಿ ಲಗತ್ತಿಸಿ. 42ನೇ ಕಲಂ ಮತ್ತು 2024ರ ಮಾರ್ಗಸೂಚಿಯನ್ನು ಹೆಸರಿಸಿ, ಪ್ರತಿಯನ್ನು ವಿಕಲಚೇತನರ ರಾಜ್ಯ ಆಯುಕ್ತರಿಗೂ ಕಳಿಸಿ. ಬೇಡಿಕೆಯ ಸಾಲಿನಲ್ಲಿ ಬರೀ "ಕ್ಯಾಪ್ಷನ್" ಅಂತ ಬಿಡಬೇಡಿ, "ಕನ್ನಡದಲ್ಲಿ ಕ್ಯಾಪ್ಷನ್" ಅಂತಲೇ ಬರೆಯಿರಿ. ಇಲ್ಲದಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಉಂಟಲ್ಲ ಅಂತ ಉತ್ತರ ಬರೆದು ಫೈಲ್ ಮುಚ್ಚುತ್ತಾರೆ.