ಬರುವುದಿಲ್ಲ ಎಂದರೆ ಹೇಳಿಬಿಡಿ

ಐರೋಲಿಯ ಕಂಪನಿಯೊಂದರಲ್ಲಿ ನನ್ನ ಎರಡು ಸುತ್ತಿನ ಸಂದರ್ಶನ ಮುಗಿದಿತ್ತು. ಮೂರನೆಯದು ಗುರುವಾರ. ಸೋಮವಾರವೇ ಪುಣೆಯ ಕಂಪನಿಯ ಆಫರ್ ಲೆಟರ್ ಬಂತು, ಒಪ್ಪಿ ಸಹಿ ಹಾಕಿದೆ. ‘ಐರೋಲಿಯವರ ಫೋನ್ ಎತ್ತಬೇಡ, ತಾವೇ ಸುಮ್ಮನಾಗ್ತಾರೆ’ ಎಂದ ಮಾಜಿವಾಡಾದ ನನ್ನ ರೂಮ್‌ಮೇಟ್.

ನನಗದು ಸರಿ ಕಾಣಲಿಲ್ಲ. ಗುರುವಾರಕ್ಕೆ ಇಬ್ಬರು ಎಂಜಿನಿಯರ್‌ಗಳು ನನಗಾಗಿ ಒಂದು ಗಂಟೆ ತೆಗೆದಿಟ್ಟಿದ್ದರು. ನನ್ನನ್ನು ರೆಫರ್ ಮಾಡಿದ್ದ ಧಾರವಾಡದ ಗೆಳೆಯನ ಮಾತಿಗೆ ಅಲ್ಲಿ ಬೆಲೆ ಉಳಿಯಬೇಕಿತ್ತು. ಮೊದಲು ಅವನಿಗೆ ತಿಳಿಸಿದೆ. ಆಮೇಲೆ ಎಚ್‌ಆರ್‌ಗೆ ಕರೆ ಮಾಡಿ, ಸಂದರ್ಶನದ ಮೇಲ್‌ಗೇ ಉತ್ತರ ಬರೆದೆ: ‘ಬೇರೆ ಆಫರ್ ಒಪ್ಪಿಕೊಂಡಿದ್ದೇನೆ. ನನ್ನ ಅರ್ಜಿ ಹಿಂಪಡೆಯುತ್ತೇನೆ, ಗುರುವಾರದ ಸಂದರ್ಶನ ರದ್ದು ಮಾಡಿ. ನಿಮ್ಮ ಸಮಯಕ್ಕೆ ಧನ್ಯವಾದ.’

‘ಎಷ್ಟು ಕೊಡ್ತಿದ್ದಾರೆ? ನಾವೂ ನೋಡೋಣ’ ಎಂದರು ಎಚ್‌ಆರ್. ಅಂಕಿ ಹೇಳಿದರೆ ಹಿಂದೆ ಸರಿಯುವ ಮಾತು ಚೌಕಾಸಿಯಾಗುತ್ತದೆ. ‘ಸಹಿ ಹಾಕಿಯಾಗಿದೆ ಮೇಡಂ’ ಎಂದಷ್ಟೇ ಹೇಳಿದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಫೋನಿನಲ್ಲಿ ‘ಸೆಲೆಕ್ಟ್ ಆಗಿದ್ದೀರಿ’ ಎಂದ ಮಾತ್ರಕ್ಕೆ ಉಳಿದವರನ್ನು ಬಿಡಬೇಡಿ. ಸಂಬಳ, ಸೇರುವ ದಿನಾಂಕ ಬರೆದ ಪತ್ರ ಕೈಗೆ ಬರುವವರೆಗೆ ಮುಂದಿನ ಸುತ್ತನ್ನು ಎರಡು ದಿನ ಮುಂದೂಡಲು ಕೇಳಿ. ಸಹಿ ಹಾಕಿದ ಮೇಲೆ ಮಾತ್ರ ಅದೇ ದಿನ ತಿಳಿಸಿಬಿಡಿ.