ಹಣಿ ಮುಟ್ಟಿದ್ರ ಶಕ್ತಿ ಬರ್ತದೇನು?

ಮನ್ನಿ ನಮ್ಮ ವೈನಿ ಒಂದು ಶಿಬಿರಕ್ಕ ಹೋಗಿ ಬಂದ್ರು. ಗುರುಗಳು ಹಣಿ ಮುಟ್ಟಿದ ಕೂಡ್ಲೆ ಮೈಯೆಲ್ಲಾ ನಡಗಿತಂತ. ಶಕ್ತಿಪಾತ ಆಯ್ತು, ಇನ್ನ ಬಿಪಿ ಗುಳಿಗಿ ಬ್ಯಾಡ ಅಂತ ಕುಂತ್ರು.

ಅವರು ಸುಳ್ಳ ಹೇಳ್ಯಾರ ಅಂತ ನಾ ಅನ್ನಂಗಿಲ್ಲ. ನಮ್ಮ ಕರಾವಳಿ ಕಡಿ ಹುಟ್ಟಿದ ಸ್ವಾಮಿ ಮುಕ್ತಾನಂದರು, 1947ರ ಆಗಸ್ಟ್ 15ಕ್ಕ ಗಣೇಶಪುರಿಯ ನಿತ್ಯಾನಂದರಿಂದ ಹಿಂಗೇ ಶಕ್ತಿ ಪಡದೆ ಅಂತ ಹೇಳ್ಕೊಂಡಾರ. ಮುಂದ ಅಮೆರಿಕಾದಾಗೂ ನವಿಲುಗರಿ ತಾಗಿಸಿ ಮಂದಿಗೆ ಕೊಡ್ತಿದ್ರು.

ನಂಬದವರು ಕೇಳೋದು ಬ್ಯಾರೆ. ನಡಗಿದ್ದು ಖರೆ, ಅದು ಗುರುವಿನ ಕೈಯಿಂದ ಬಂತಂತ ಹ್ಯಾಂಗ ಗೊತ್ತು? ಏನಾಗ್ತದಂತ ಮೊದ್ಲೇ ಹೇಳಿ, ತಾಸುಗಟ್ಲೆ ಭಜನಿ ಮಾಡಿಸಿ, ಬಾಜೂದಾಕಿ ನಡಗೋದು ನೋಡಿದ್ರ ನಮ್ಮ ಮೈಯೂ ನಡಗ್ತದ. (ಜಾತ್ರ್ಯಾಗ ಮೈಮ್ಯಾಲ ಬರೋದು ನೋಡಿಲ್ಲೇನ್ರೆವ್ವಾ?) ಕಣ್ಣ ಕಟ್ಟಿ, ಒಮ್ಮೆ ಗುರು, ಒಮ್ಮೆ ಬ್ಯಾರೆ ಯಾರರೆ ಮುಟ್ಟಲಿ. ಯಾರು ಮುಟ್ಟಿದ್ರಂತ ಗೊತ್ತಿಲ್ದೆ ಎರಡೂ ಸಲ ನಡಗಿದ್ರ, ಶಕ್ತಿ ಆ ಕೈಯಾಗಿಲ್ಲ, ನಮ್ಮ ನಂಬಿಗ್ಯಾಗ ಅದ. ನನಗ ಈ ಮಾತು ಸರಿ ಅನಸ್ತದ.

ಲಿಂಗದೀಕ್ಷಾದಾಗೂ ಗುರು ತಲಿ ಮ್ಯಾಲ ಕೈ ಇಡ್ತಾರ, ಅದಕ್ಕ ನಾ ಕೈ ಮುಗೀತೀನಿ. ಆದ್ರ ಅದು ಗುಳಿಗಿ ಬಿಡು ಅನ್ನಂಗಿಲ್ಲ. ಬಿಪಿ ಏರಿದ್ದು ಮೈಗೆ ತಿಳಿಯಂಗೇ ಇಲ್ಲ, ಹಗುರ ಅನಸ್ತಂತ ಅದು ಇಳಿದಿರಂಗಿಲ್ಲ. ನಿನ್ನಿ ಅಳೆಸಿದ್ರ 170/100! ರಾತ್ರಿ ವೈನಿ ಗುಳಿಗಿ ನುಂಗ್ಯಾರ, ನನ್ನ ಜೋಡಿ ಮಾತ್ರ ಇನ್ನಾ ಮಾತಾಡಿಲ್ಲ.