ಬ್ಯಾಂಡ್ ಸುಮ್ಮನಿದ್ರೆ ನೀವು ಗೆದ್ದ ಹಾಗೆ (ಡೆಸ್ಕ್ ಕಥೆ – 3)

ಬಿಕಾಂ ಮುಗಿಸಿ ಅಕೌಂಟ್ಸ್ ಕೆಲಸಕ್ಕೆ ಸೇರಿದ ನಮ್ಮ ಸೀನಿಯರ್‌ಗಳ ಕೈ ನೋಡಿ. ಹೆಚ್ಚಿನವರಲ್ಲಿ ಫಿಟ್‌ನೆಸ್ ಬ್ಯಾಂಡ್ ಉಂಟು. ಅದು ಬುರ್ ಅಂತದೆ, ಇವರು ಸ್ಕ್ರೀನ್ ಒರೆಸಿ ವಾಪಸ್ ಎಕ್ಸೆಲ್‌ಗೆ ಹೋಗ್ತಾರೆ. ಅವರು ಸೋಮಾರಿಗಳು ಅಂತ ನನಗೆ ಅನಿಸೋದಿಲ್ಲ. ಎರಡು ರಿಮೈಂಡರ್‌ಗಳನ್ನು ಒಟ್ಟಿಗೆ ಆನ್ ಮಾಡಿ, ಒಂದಕ್ಕೊಂದು ಹೊಂದಿಸದೆ ಬಿಟ್ಟದ್ದೇ ಸಮಸ್ಯೆ.

ಎರಡೂ ಒಂದೇ ತರಹ ನಡುಗಿದ್ರೂ ಒಳಗೆ ಬೇರೆ ಬೇರೆ. ತುಂಬಾ ಹೊತ್ತು ಕೂತರೆ ಬರುವ ಅಲರ್ಟ್ ಸೆನ್ಸರ್ ಮೇಲೆ ನಡೀತದೆ, ನೀವು ನಾಲ್ಕು ಹೆಜ್ಜೆ ನಡೆದ್ರೆ ಅದರ ಲೆಕ್ಕ ಮೊದಲಿಂದ ಶುರು. ನೀರಿನದ್ದು ಬರೀ ಅಲಾರಂ. ನೀವು ಕುಡಿದ್ರೋ ಬಿಟ್ರೋ ಅದಕ್ಕೆ ಗೊತ್ತೇ ಆಗೋದಿಲ್ಲ.

ಹಾಗಾಗಿ ನನ್ನ ಸೂತ್ರ ಒಂದೇ: ನೀರಿನ ಅಂತರ ಚಿಕ್ಕದು, ಕೂತ ಅಂತರ ದೊಡ್ಡದು. ನೀರಿಗೆ 60 ನಿಮಿಷ, ಕೂತದ್ದಕ್ಕೆ 90. ಜೊತೆಗೆ ಬಾಟಲಿ ಟೇಬಲ್ ಮೇಲೆ ಇರಬಾರದು, ಲೋಟ ಮಾತ್ರ ಇರಬೇಕು. ಆಗ ನೀರು ಬೇಕಾದ್ರೆ ಫಿಲ್ಟರ್ ತನಕ ನಡೀಲೇಬೇಕು. ನಡೆದ್ರೆ ಎರಡನೇ ಅಲರ್ಟ್ ಬರೋದೇ ಇಲ್ಲ. ಬಂತು ಅಂದ್ರೆ ನೀವು ನೀರಿನ ಅಲಾರಂ ತಪ್ಪಿಸಿದ್ದೀರಿ ಅಂತ ಅರ್ಥ.

ನಮ್ಮ ಅಕ್ಕನ ಲೆಕ್ಕ ನೋಡಿ. ಕಂಕನಾಡಿಯಲ್ಲಿ ಆಫೀಸು, 9:30ರಿಂದ 6. ನೀರಿಗೆ 10ರಿಂದ 5ರ ತನಕ ಗಂಟೆಗೊಮ್ಮೆ, ಒಟ್ಟು 8 ಸಲ. ಸ್ಟೀಲ್ ಲೋಟದಲ್ಲಿ 250 ಮಿಲಿ ಹಿಡೀತದೆ, ಅರ್ಧ ತುಂಬಿಸಿದ್ರೆ 8 ಸಲಕ್ಕೆ 1 ಲೀಟರ್. ಉಳಿದದ್ದು ಮನೆಯಲ್ಲಿ, ಊಟದಲ್ಲಿ. ಕೂತ ಅಲರ್ಟ್ 10ರಿಂದ 6, ಊಟದ 1ರಿಂದ 2 ಆಫ್. ತಿಂಗಳ 20ಕ್ಕೆ ಜಿಎಸ್‌ಟಿಆರ್-3ಬಿ ಫೈಲ್ ಮಾಡುವ ಗಡಿಬಿಡಿ. 11ಕ್ಕೆ ಎದ್ದಳು, 12ರದ್ದು ಒರೆಸಿ ಹಾಕಿದಳು ಅಂತ ಇಟ್ಕೊಳ್ಳಿ. 12:30ಕ್ಕೆ ಬುರ್. ಇಡೀ ದಿನದಲ್ಲಿ ಅದೊಂದಕ್ಕೆ ಅವಳು ಎದ್ದೇ ಏಳ್ತಾಳೆ, ಯಾಕಂದ್ರೆ ಅದು ಅಪರೂಪ.

ಕೆಲವು ಬ್ಯಾಂಡ್‌ಗಳಲ್ಲಿ ಕೂತ ಅಂತರ ಒಂದು ಗಂಟೆಗೇ ಫಿಕ್ಸ್, ಬದಲಿಸ್ಲಿಕ್ಕೆ ಆಗೋದಿಲ್ಲ. ಹಾಗಿದ್ರೆ ನೀರಿನದ್ದನ್ನು ಆಫ್ ಮಾಡಿ, ಕೂತ ಅಲರ್ಟ್ ಬಂದಾಗಲೇ ಲೋಟ ಹಿಡ್ಕೊಂಡು ಏಳಿ. ಎರಡು ಬೊಬ್ಬೆಗಿಂತ ಒಂದು ಮಾತು ಒಳ್ಳೇದು. "ಗಂಟೆ ದಾಟಿದ್ರೆ ಅಪಾಯ ಅಲ್ವಾ?" ಅಂತ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂತಿರೋದನ್ನು ಕಡಿಮೆ ಮಾಡಿ ಅಂತದೆ, ಇಷ್ಟೇ ನಿಮಿಷ ಅಂತ ಗೆರೆ ಹಾಕೋದಿಲ್ಲ.

ಎದ್ದು ಹೋಗಿ ಬಂದ ಮೇಲೂ ಬುರ್ ಅಂದ್ರೆ ಲೋಟ ಯಾವ ಕೈಯಲ್ಲಿತ್ತು ನೋಡಿ. ಬ್ಯಾಂಡ್ ಹೆಜ್ಜೆ ಹಿಡಿಯೋದು ಕೈ ಬೀಸುವುದರಿಂದ. ಅದೇ ಕೈಯಲ್ಲಿ ತುಂಬಿದ ಲೋಟ ಅಲುಗಾಡದ ಹಾಗೆ ಹಿಡಿದ್ರೆ ಹೆಜ್ಜೆ ಸರಿಯಾಗಿ ಲೆಕ್ಕಕ್ಕೆ ಬರೋದಿಲ್ಲ. ಲೋಟ ಇನ್ನೊಂದು ಕೈಗೆ ಬರಲಿ. ಉಲ್ಟಾ ಕೂಡ ಆಗ್ತದೆ: ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕ್ ತನಕ ಸಿಟಿ ಬಸ್ಸಲ್ಲಿ ಕುಲುಕಾಡಿದ್ರೆ ಕೂತಲ್ಲೇ ಒಂದಿಷ್ಟು ಹೆಜ್ಜೆ ಸೇರಬಹುದು. ಹಾಗಾಗಿ ದಿನದ ಒಟ್ಟು ನೋಡಬೇಡಿ, ಆ್ಯಪ್‌ನಲ್ಲಿ ಗಂಟೆವಾರು ಗ್ರಾಫ್ ಇದ್ರೆ ಆಫೀಸಿನ ಗಂಟೆಗಳನ್ನು ಮಾತ್ರ ನೋಡಿ.

ಈಗ ಬ್ಯಾಂಡ್‌ನಿಂದ ಆಗದ ವಿಷಯ. ಹಳೇ ಕಾಂಪ್ಲೆಕ್ಸ್‌ಗಳ ಎಷ್ಟೋ ಆಫೀಸುಗಳಲ್ಲಿ ಟಾಯ್ಲೆಟ್ ಬೇರೆ ಮಹಡಿಯಲ್ಲಿ, ಕೀ ಇನ್ನೊಬ್ಬರ ಹತ್ರ. ಹುಡುಗಿಯರು ನೀರು ಕುಡಿಯೋದನ್ನೇ ಬಿಡ್ತಾರೆ ಮಾರಾಯ್ರೆ, ಮರೆತು ಅಲ್ಲ, ಬೇಕಂತಲೇ. ಅಂಥವರ ಕೈಯಲ್ಲಿ ನೀರಿನ ರಿಮೈಂಡರ್ 8 ಸಲ ನಡುಗಿದ್ರೆ ಅದು ಸಹಾಯ ಅಲ್ಲ, ತಮಾಷೆ. ಅಲ್ಲಿ ಬದಲಿಸಬೇಕಾದ ಸೆಟ್ಟಿಂಗ್ ಇರೋದು ಕಟ್ಟಡದಲ್ಲಿ. ಇಂಟರ್ನ್‌ಶಿಪ್‌ಗೆ ಹೋಗುವಾಗ ಸ್ಟೈಪೆಂಡ್ ಎಷ್ಟು ಅಂತ ಕೇಳ್ತೇವೆ, ಟಾಯ್ಲೆಟ್ ಎಲ್ಲಿ ಅಂತ ಕೇಳಲಿಕ್ಕೆ ನಾಚಿಕೆ ಯಾಕೆ?

ಇನ್ನೊಂದು: ಕಿಡ್ನಿ ಅಥವಾ ಹಾರ್ಟ್ ತೊಂದರೆಗೆ ಡಾಕ್ಟರ್ ನೀರಿಗೆ ಮಿತಿ ಹಾಕಿದ್ರೆ ಡಾಕ್ಟರ್ ಮಾತೇ ಕೊನೆ, ಬ್ಯಾಂಡ್‌ನದ್ದಲ್ಲ. ಅಪ್ಪ-ಅಮ್ಮನಿಗೆ ಬ್ಯಾಂಡ್ ಸೆಟ್ ಮಾಡಿ ಕೊಡುವಾಗ ಇದನ್ನು ಕೇಳಿಯೇ ಆನ್ ಮಾಡಿ.

ನಿಮ್ಮ ಬ್ಯಾಂಡ್‌ನಲ್ಲಿ ಕೂತ ಅಂತರ ಬದಲಿಸ್ಲಿಕ್ಕೆ ಆಗ್ತದಾ? ಮಾಡೆಲ್ ಹೆಸರು ಕಮೆಂಟಲ್ಲಿ ಹಾಕಿ, ಬೇರೆಯವರಿಗೂ ಉಪಯೋಗ ಆಗಲಿ.

#ಡೆಸ್ಕ್‌ಕಥೆ #ಮಂಗಳೂರು #ಬಿಕಾಂಲೈಫ್